ಓಸ್ಟ್‌ವಾಲ್ಡ್–ವಾಕರ್ ಪ್ರಯೋಗ: ಯೂರಿಯಾದ ಮೋಲಾರ್ ರಾಶಿ 60ರ ಬದಲು 44 ಬರುತ್ತಿದೆ

ನೇತ್ರಾವತಿ:
ಆವಿ ಒತ್ತಡದ ಇಳಿಕೆಯಿಂದ ಯೂರಿಯಾದ ಮೋಲಾರ್ ರಾಶಿಯನ್ನು ಕಂಡುಹಿಡಿಯುವ ಪ್ರಯೋಗವನ್ನು ಬೆಂಗಳೂರಿನ ನಮ್ಮ ಕಾಲೇಜಿನಲ್ಲಿ ಮಾಡುತ್ತಿದ್ದೇನೆ. 100 ಗ್ರಾಂ ನೀರಿನಲ್ಲಿ 10 ಗ್ರಾಂ ಯೂರಿಯಾ ಕರಗಿಸಿ, ಆ ದ್ರಾವಣವನ್ನು ಮೊದಲ ಮೂರು ಬಲ್ಬುಗಳಲ್ಲಿಯೂ ಬರಿಯ ನೀರನ್ನು ಮುಂದಿನ ಮೂರು ಬಲ್ಬುಗಳಲ್ಲಿಯೂ ತುಂಬಿ, ಕೊನೆಯಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಕೊಳವೆಯನ್ನು ಜೋಡಿಸಿದ್ದೇನೆ. ಎಲ್ಲವನ್ನೂ 25 ಡಿಗ್ರಿಯ ವಾಟರ್ ಬಾತ್‌ನಲ್ಲಿ ಇಟ್ಟು, ಒಣಗಿಸಿದ ಗಾಳಿಯನ್ನು ಸುಮಾರು ಮೂರು ಗಂಟೆ ಹರಿಸಿದೆ. ದ್ರಾವಣದ ಬಲ್ಬುಗಳು 2.210 ಗ್ರಾಂ, ನೀರಿನ ಬಲ್ಬುಗಳು 0.091 ಗ್ರಾಂ ಕಳೆದುಕೊಂಡವು. ಕ್ಲೋರೈಡ್ ಕೊಳವೆಯ ತೂಕ 2.304 ಗ್ರಾಂ ಹೆಚ್ಚಿತು. ನೀರಿನ ಬಲ್ಬುಗಳ ನಷ್ಟವನ್ನು ಕೊಳವೆಯ ಗಳಿಕೆಯಿಂದ ಭಾಗಿಸಿದರೆ ಆವಿ ಒತ್ತಡದ ಸಾಪೇಕ್ಷ ಇಳಿಕೆ r = 0.0395. ದುರ್ಬಲ ದ್ರಾವಣವೆಂದು ಅಂದಾಜು ಮಾಡದೆ ಪೂರ್ಣ ಸೂತ್ರವನ್ನೇ ಬಳಸಿದ್ದೇನೆ:

```
M = 10 × 18.02 × (1 − r) / (100 × r)
```

ಉತ್ತರ 43.8 ಬಂದಿದೆ, ಬರಬೇಕಾದದ್ದು 60. ಯೂರಿಯಾ ಪ್ರಯೋಗಾಲಯದ ಶುದ್ಧ ದರ್ಜೆಯದು. ತಪ್ಪು ಎಲ್ಲಿದೆ ಎಂದು ದಯವಿಟ್ಟು ತಿಳಿಸಿ.

ಬಯಲುಸೀಮೆ:
ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ, ಅಲ್ಲಿ ವಾಯುಭಾರ 760ರ ಬದಲು 684 ಮಿಲಿಮೀಟರ್‌ನ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ನೀರಿನ ಆವಿ ಒತ್ತಡವೂ ಪುಸ್ತಕದಲ್ಲಿ ಕೊಟ್ಟಿರುವುದಕ್ಕಿಂತ ಕಡಿಮೆಯಿರುತ್ತದೆ. ನೀವು ಅದನ್ನು ತಿದ್ದಿಕೊಂಡರೆ ಸರಿಹೋಗುತ್ತದೆ ಎಂದು ನನಗೆ ಅನ್ನಿಸುತ್ತದೆ.

ಉಪ್ಪಿನಂಗಡಿ:
ನನಗೂ ಇದೇ ತೊಂದರೆಯಾಗಿತ್ತು. ಯೂರಿಯಾದ ಬದಲು ಅಡುಗೆ ಉಪ್ಪನ್ನು ಬಳಸಿದ್ದೆ, 58.4 ಬರಬೇಕಾದಲ್ಲಿ 31 ಬಂತು. ಬಹುಶಃ ಈ ಉಪಕರಣವೇ ಯಾವಾಗಲೂ ಕಡಿಮೆ ತೋರಿಸುತ್ತದೆ.

ಹಳೆಯ ತಕ್ಕಡಿ:
ಉಪ್ಪಿನಂಗಡಿಯವರೇ, ನಿಮ್ಮ ಉಪಕರಣ ಸರಿಯಾಗಿಯೇ ಕೆಲಸ ಮಾಡಿದೆ. ಉಪ್ಪು ನೀರಿನಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳಾಗಿ ಒಡೆಯುವುದರಿಂದ ಕಣಗಳ ಸಂಖ್ಯೆ ಹತ್ತಿರಹತ್ತಿರ ಇಮ್ಮಡಿಯಾಗುತ್ತದೆ, ಮೋಲಾರ್ ರಾಶಿ ಅರ್ಧದಷ್ಟು ಕಾಣಿಸುತ್ತದೆ. ಯೂರಿಯಾ ಹಾಗೆ ಒಡೆಯುವುದಿಲ್ಲವಾದ್ದರಿಂದ ನೇತ್ರಾವತಿಯವರ ಸಮಸ್ಯೆ ಬೇರೆ.

ಬಯಲುಸೀಮೆಯವರು ಹೇಳಿದ ವಾಯುಭಾರದ ಅಂಕಿ ಸರಿ, ಆದರೆ 25 ಡಿಗ್ರಿಯಲ್ಲಿ ನೀರಿನ ಆವಿ ಒತ್ತಡ ಮಂಗಳೂರಿನಲ್ಲಿಯೂ ಬೆಂಗಳೂರಿನಲ್ಲಿಯೂ 23.8 ಮಿಲಿಮೀಟರೇ, ಎತ್ತರದೊಂದಿಗೆ ಬದಲಾಗುವುದು ಕುದಿಯುವ ಉಷ್ಣತೆ.

ಈಗ ತೂಕಗಳನ್ನು ನೋಡೋಣ. ಎರಡು ನಷ್ಟಗಳ ಮೊತ್ತ 2.301, ಗಳಿಕೆ 2.304, ಮೂರು ಮಿಲಿಗ್ರಾಂ ಅಂತರ ತೂಕದ ದೋಷದೊಳಗೇ ಇದೆ. ಕೀಲುಗಳು ಸೋರಿಲ್ಲ, ಕ್ಲೋರೈಡ್ ಆವಿಯನ್ನು ಬಿಟ್ಟುಕೊಟ್ಟಿಲ್ಲ, ಒಳಬಂದ ಗಾಳಿಯೂ ಒಣಗಿತ್ತು. ದ್ರಾವಣದ ಹನಿಗಳು ನೀರಿನ ಬಲ್ಬಿಗೆ ಹಾರಿದ್ದರೆ ಅಲ್ಲಿನ ನಷ್ಟ ಕಡಿಮೆಯಾಗಿ ಉತ್ತರ 60ಕ್ಕಿಂತ ಹೆಚ್ಚಾಗಬೇಕಿತ್ತು. ಆದ್ದರಿಂದ ಅದನ್ನೂ ಬಿಡಬಹುದು. ರೌಲ್ಟ್ ನಿಯಮದಂತೆ ನೀರಿನ ಬಲ್ಬುಗಳ ನಷ್ಟ ಸುಮಾರು 0.067 ಗ್ರಾಂ ಇರಬೇಕು, ನಿಮ್ಮಲ್ಲಿ 24 ಮಿಲಿಗ್ರಾಂ ಹೆಚ್ಚು ಹೋಗಿದೆ. ಇದು ಹಾದುಹೋದ ಒಟ್ಟು ಆವಿಯಲ್ಲಿ ಶೇಕಡಾ ಒಂದರಷ್ಟು ಮಾತ್ರ. ಆದರೆ ನಾವು ಅಳೆಯಹೊರಟ ಇಳಿಕೆಯೇ ಶೇಕಡಾ ಮೂರಾಗಿರುವುದರಿಂದ, ಆ ಶೇಕಡಾ ಒಂದೇ ಉತ್ತರದ ಕಾಲುಭಾಗವನ್ನು ನುಂಗಿದೆ.

ಇದಕ್ಕೆ ಎರಡು ಕಾರಣಗಳ ಮೇಲೆ ನನಗೆ ಅನುಮಾನವಿದೆ. ಮೊದಲನೆಯದು ಉಷ್ಣತೆ. ಈ ವ್ಯಾಪ್ತಿಯಲ್ಲಿ ನೀರಿನ ಆವಿ ಒತ್ತಡ ಒಂದು ಡಿಗ್ರಿಗೆ ಶೇಕಡಾ 6ರಷ್ಟು ಏರುತ್ತದೆ. ದ್ರಾವಣದಿಂದ 2.2 ಗ್ರಾಂ ನೀರು ಆವಿಯಾಗಲು ಸುಮಾರು 5,400 ಜೂಲ್ ಶಾಖ ಬೇಕು; ನೀರಿನ ಬಲ್ಬುಗಳಲ್ಲಾದರೋ ಆವಿಯಾಗುವುದು ಅತ್ಯಲ್ಪ. ಬಾತ್‌ನ ನೀರನ್ನು ಚೆನ್ನಾಗಿ ಕಲಕದಿದ್ದರೆ ದ್ರಾವಣ ಸ್ವಲ್ಪ ತಂಪಾಗಿ ಉಳಿಯುತ್ತದೆ, 0.17 ಡಿಗ್ರಿ ವ್ಯತ್ಯಾಸವಾದರೂ ನಿಮ್ಮ 24 ಮಿಲಿಗ್ರಾಂ ಅಲ್ಲಿಗೆ ಸರಿಹೋಗುತ್ತದೆ. ಮೊದಲ ಬಲ್ಬು ತಣ್ಣಗಾದರೆ ಚಿಂತೆಯಿಲ್ಲ. ದ್ರಾವಣದ ಕೊನೆಯ ಬಲ್ಬು ಮಾತ್ರ ಬಾತ್‌ನ ಉಷ್ಣತೆಯಲ್ಲಿಯೇ ಇರಬೇಕು, ಏಕೆಂದರೆ ಗಾಳಿಯಲ್ಲಿನ ಆವಿಯ ಪ್ರಮಾಣ ಕೊನೆಗೆ ನಿಶ್ಚಯವಾಗುವುದು ಅಲ್ಲಿ.

ಎರಡನೆಯದನ್ನು ಪ್ರಯೋಗದ ಕೈಪಿಡಿಗಳು ಸಾಮಾನ್ಯವಾಗಿ ಹೇಳುವುದೇ ಇಲ್ಲ. ಗಾಳಿ ನೀರಿನ ಬಲ್ಬುಗಳಲ್ಲಿ ಗುಳ್ಳೆಯಾಗಿ ಮೇಲೇರುವಾಗ ಅದರ ಒತ್ತಡ ಇಳಿದು ಗಾತ್ರ ಹಿಗ್ಗುತ್ತದೆ. ಹಿಗ್ಗಿದ ಜಾಗವನ್ನು ತುಂಬಲು ನೀರಿನಿಂದ ಇನ್ನಷ್ಟು ಆವಿ ಏಳಬೇಕು. ಯೂರಿಯಾಕ್ಕೂ ಈ ನಷ್ಟಕ್ಕೂ ಸಂಬಂಧವಿಲ್ಲ. ನಿಮ್ಮ ಕೊಳವೆಗಳ ತುದಿ ನೀರಿನಲ್ಲಿ ಎಷ್ಟು ಆಳ ಮುಳುಗಿದೆ?

ಕಾರಣ ಯಾವುದೇ ಇರಲಿ, ಆರೂ ಬಲ್ಬುಗಳಿಗೆ ಬರಿಯ ನೀರನ್ನೇ ತುಂಬಿ ಅಷ್ಟೇ ಗಾಳಿ ಹರಿಸಿ ನೋಡಿ. ಎರಡನೆಯ ಗುಂಪಿನ ತೂಕ ಆಗ ಬದಲಾಗಬಾರದು. ಬದಲಾದರೆ ಅದೇ ನಿಮ್ಮ ದೋಷದ ಅಳತೆ. ಬಳಿಕ ಗಾಳಿಯ ವೇಗವನ್ನು ಅರ್ಧಕ್ಕೆ ಇಳಿಸಿ, ಗಾಳಿಯ ಒಟ್ಟು ಪ್ರಮಾಣ ಮೊದಲಿನಷ್ಟೇ ಇರುವಂತೆ ಪುನಃ ಮಾಡಿ. ತಂಪಾಗುವಿಕೆಯೋ ಗಾಳಿ ಆವಿಯಿಂದ ಪೂರ್ತಿ ಸಂತೃಪ್ತವಾಗದಿರುವುದೋ ಕಾರಣವಾಗಿದ್ದರೆ ನಷ್ಟ ಗಣನೀಯವಾಗಿ ಕುಗ್ಗುತ್ತದೆ. ಮುಳುಗಿದ ಆಳ ಕಾರಣವಾಗಿದ್ದರೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ.

ನೇತ್ರಾವತಿ:
ಎರಡನ್ನೂ ಮಾಡಿದೆ. ಬರಿಯ ನೀರಿನಲ್ಲಿಯೂ ಎರಡನೆಯ ಗುಂಪು 0.021 ಗ್ರಾಂ ಕಳೆದುಕೊಂಡಿತು! ವೇಗವನ್ನು ಅರ್ಧಕ್ಕೆ ಇಳಿಸಿದಾಗ 0.019. ಪ್ರತಿ ಕೊಳವೆಯ ತುದಿ 3 ಸೆಂಟಿಮೀಟರ್ ಮುಳುಗಿದೆ.

ಹಳೆಯ ತಕ್ಕಡಿ:
ಹಾಗಾದರೆ ಮುಖ್ಯ ಕಾರಣ ಆಳವೇ. ಮೂರು ಬಲ್ಬುಗಳಿಗೆ 9 ಸೆಂಟಿಮೀಟರ್ ನೀರು ಎಂದರೆ 6.6 ಮಿಲಿಮೀಟರ್ ಪಾದರಸದ ಒತ್ತಡ. ಬೆಂಗಳೂರಿನ ವಾಯುಭಾರದಲ್ಲಿ ಒಣಗಾಳಿಯ ಪಾಲು ಸುಮಾರು 660, ಅದರಲ್ಲಿ ಇದು ಶೇಕಡಾ ಒಂದು. 2.3 ಗ್ರಾಂ ಆವಿಗೆ ಲೆಕ್ಕ ಹಾಕಿದರೆ 23 ಮಿಲಿಗ್ರಾಂ ಆಗುತ್ತದೆ. ನೀವು ಅಳೆದದ್ದು ಅದಕ್ಕೆ ಬಹಳ ಹತ್ತಿರವಿದೆ.

0.091ರಿಂದ 0.021 ಕಳೆದರೆ 0.070, r = 0.0304, ಮೋಲಾರ್ ರಾಶಿ 57.5. ಬಯಲುಸೀಮೆಯವರ ವಾಯುಭಾರಕ್ಕೆ ಕೆಲಸವಿರುವುದು ಇಲ್ಲಿ. ಗಾಳಿ ಆವಿಯನ್ನು ಸೇರಿಸಿಕೊಂಡಾಗ ತಾನೂ ಹಿಗ್ಗುವುದರಿಂದ r ಅನ್ನು 660/684ರಿಂದ ಗುಣಿಸಬೇಕು, ಆಗ 0.0293, ಮೋಲಾರ್ ರಾಶಿ 59.7.

ಬಯಲುಸೀಮೆ:
ಆವಿ ಒತ್ತಡದ ವಿಷಯದಲ್ಲಿ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಈಗ ಉತ್ತರ 60ಕ್ಕೆ ಬಂದಿತಲ್ಲ, ಇಲ್ಲಿಗೆ ಸಮಸ್ಯೆ ಮುಗಿದಂತೆಯೇ ಅಲ್ಲವೇ?

ಹಳೆಯ ತಕ್ಕಡಿ:
ಮುಗಿದಿಲ್ಲ. ಇಷ್ಟು ಗಟ್ಟಿಯಾದ ಯೂರಿಯಾ ದ್ರಾವಣ ಆದರ್ಶ ದ್ರಾವಣದಂತೆ ನಡೆದುಕೊಳ್ಳುವುದಿಲ್ಲ. ಆವಿ ಒತ್ತಡ ಇಳಿಯುವುದು ರೌಲ್ಟ್ ನಿಯಮ ಹೇಳುವುದಕ್ಕಿಂತ ಸ್ವಲ್ಪ ಕಡಿಮೆ. ಆದ್ದರಿಂದ ದೋಷವಿಲ್ಲದ ಪ್ರಯೋಗದಲ್ಲಿ 60ಕ್ಕಿಂತ ಸ್ವಲ್ಪ ಹೆಚ್ಚೇ ಬರಬೇಕು. 59.7 ಬಂದಿರುವುದಕ್ಕೆ ಉಳಿದ ಉಷ್ಣತೆಯ ವ್ಯತ್ಯಾಸ ಕಾರಣವೋ ತೂಕದ ದೋಷ ಕಾರಣವೋ ಈ ಅಂಕಿಗಳಿಂದ ಹೇಳಲಾಗದು. 70 ಮಿಲಿಗ್ರಾಂನಲ್ಲಿ ಎರಡು ಮಿಲಿಗ್ರಾಂ ತಪ್ಪಿದರೂ ಶೇಕಡಾ 3 ಅತ್ತಿತ್ತ ಆಗುತ್ತದೆ.

ಮುಂದಿನ ಸಲ ಕೊಳವೆಯ ತುದಿಗಳನ್ನು ನೀರಿನ ಮೇಲ್ಮೈಗೆ ಹತ್ತಿರ ತನ್ನಿ. ಇದೇ ಬಗೆಯ ಅಳತೆ ಮಾಡಿದ ವಿಜ್ಞಾನಿಗಳಾದ ಬರ್ಕ್‌ಲಿ ಮತ್ತು ಹಾರ್ಟ್‌ಲಿ ತಮ್ಮ ಉಪಕರಣದಲ್ಲಿ ಗುಳ್ಳೆಯನ್ನೇ ಬಿಟ್ಟು, ಗಾಳಿಯನ್ನು ದ್ರವದ ಮೇಲ್ಮೈಯ ಮೇಲೆ ಹರಿಸುತ್ತಿದ್ದರು. ಆದರೆ ಆಳ ಕಡಿಮೆಯಾದಷ್ಟೂ ಗಾಳಿ ಆವಿಯಿಂದ ಪೂರ್ತಿ ಸಂತೃಪ್ತವಾಗಲು ಹೆಚ್ಚು ಹೊತ್ತು ಬೇಕು; ಹೀಗಾಗಿ ವೇಗವನ್ನು ಇಳಿಸಲೇಬೇಕು.

ನೇತ್ರಾವತಿ:
ತುದಿಗಳನ್ನು ಅರ್ಧ ಸೆಂಟಿಮೀಟರ್ ಆಳಕ್ಕೆ ಏರಿಸಿ, ಮೊದಲು ಬರಿಯ ನೀರಿನಿಂದಲೇ ಪರೀಕ್ಷಿಸುತ್ತೇನೆ. ಅಷ್ಟು ಕಡಿಮೆ ಆಳದಲ್ಲಿ ಮೂರು ಬಲ್ಬುಗಳು ಸಾಕೇ, ಅಥವಾ ದ್ರಾವಣದ ಕಡೆಗೆ ನಾಲ್ಕನೆಯದನ್ನು ಸೇರಿಸಬೇಕೇ ಎಂಬುದನ್ನು ಮಾಡಿ ನೋಡಿದವರು ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.