ಕಲ್ಲಿದ್ದಲಿಗೆ 33, ಸೋಲಾರ್‌ಗೆ 3.7: ನನ್ನ ಇಆರ್‌ಒಐ ಲೆಕ್ಕ ಎಲ್ಲಿ ತಪ್ಪಿದೆ?

ಮೊದಲ_ಬೆಂಚು:
ಎರಡು ದಿನದಿಂದ ಒಂದೇ ಲೆಕ್ಕ ಹಿಡಿದು ಕೂತಿದ್ದೇನೆ. ಹಾಕಿದ ಶಕ್ತಿಗೆ ಎಷ್ಟು ಪಟ್ಟು ಶಕ್ತಿ ವಾಪಸ್ ಬರುತ್ತದೆ, ಅಂದರೆ ಇಆರ್‌ಒಐ ಎಷ್ಟು ಅಂತ ಹೋಲಿಸಬೇಕು. ಕೊಟ್ಟಿರುವುದು ಇಷ್ಟು.

ಒಂದು ಟನ್ ಕಲ್ಲಿದ್ದಲಿನಲ್ಲಿ 20 ಗಿಗಾಜೌಲ್ ಶಾಖ ಇದೆ. ಅದನ್ನು ಅಗೆದು ತೆಗೆಯಲು 0.6 ಗಿಗಾಜೌಲ್ ಖರ್ಚು. ಸಾಗಣೆಗೆ 0.3. ಸ್ಥಾವರ ಕಟ್ಟಿದ್ದು, ರಿಪೇರಿ, ಬೂದಿ ವಿಲೇವಾರಿ ಎಲ್ಲ ಸೇರಿ ಟನ್ನಿಗೆ 0.2. ಸ್ಥಾವರದ ದಕ್ಷತೆ ಶೇ. 35.

ಸೋಲಾರ್: 1 ಕಿಲೋವ್ಯಾಟ್, ವರ್ಷಕ್ಕೆ 1400 ಯೂನಿಟ್, 25 ವರ್ಷ. ಪ್ಯಾನೆಲ್ ವರ್ಷಕ್ಕೆ ಅರ್ಧ ಪರ್ಸೆಂಟ್ ಸೊರಗುತ್ತದೆ, ಹಾಗಾಗಿ ಒಟ್ಟು ಸುಮಾರು 33,000 ಯೂನಿಟ್. ತಯಾರಿಸಲು ಹೋಗಿದ್ದು 9000 ಯೂನಿಟ್‌ಗೆ ಸಮನಾದ ಇಂಧನ ಶಕ್ತಿ.

ನಾನು ಮಾಡಿದ್ದು:

```
20 / 0.6      = 33
33000 / 9000  = 3.7
9000 / 1400   = 6.4
```

ಕೊನೆಯದು ಪೇಬ್ಯಾಕ್ ಅವಧಿ, ಅಂದರೆ ಹಾಕಿದ ಶಕ್ತಿಯನ್ನು ಪ್ಯಾನೆಲ್ ವಾಪಸ್ ಕೊಡಲು ಹಿಡಿಯುವ ವರ್ಷಗಳು. ಪುಸ್ತಕದ ಹಿಂದೆ ಉತ್ತರ 2.25 ವರ್ಷ ಅಂತ ಇದೆ, ನನಗೆ 6.4 ಬರುತ್ತಿದೆ. ಪುಸ್ತಕದ್ದೇ ತಪ್ಪಾ?

ಬಿಸಿಲುಗುದುರೆ:
ಪ್ಯಾನೆಲ್ ದಕ್ಷತೆ ಬಿಟ್ಟಿದ್ದೀರಿ ಅನ್ಸುತ್ತೆ. ಬಿದ್ದ ಬಿಸಿಲಿನಲ್ಲಿ ಶೇ. 20 ಮಾತ್ರ ಕರೆಂಟ್ ಆಗುತ್ತದೆ. ಮಿಕ್ಕಿದ್ದು ವ್ಯರ್ಥ ತಾನೆ? ಅದನ್ನೂ ಹಾಕಿದ ಶಕ್ತಿಗೆ ಸೇರಿಸಿ ನೋಡಿ.

ತಂತಿಕಂಬ:
ಬಿಸಿಲು ಯಾರೂ ಕೈಯಿಂದ ಹಾಕಿದ್ದಲ್ಲ, ಅದು ಲೆಕ್ಕಕ್ಕೆ ಬರಲ್ಲ.

ತಪ್ಪು ಇರುವುದು ಬೇರೆ ಕಡೆ. 9000 ಅನ್ನುವುದು ಶಾಖ, 33,000 ಅನ್ನುವುದು ಕರೆಂಟ್. ಆ ಶಾಖದಿಂದ ಕರೆಂಟ್ ಮಾಡಿದ್ದರೆ 9000 × 0.35 = 3150 ಯೂನಿಟ್ ಸಿಗುತ್ತಿತ್ತು. 33,000 ÷ 3150 = 10.5. ಕಲ್ಲಿದ್ದಲನ್ನು ಸುಟ್ಟರೆ 7 ಗಿಗಾಜೌಲ್ ಕರೆಂಟ್, ಖರ್ಚು 1.1, ಅಂದರೆ 6.4. ಸೋಲಾರ್ ಗೆದ್ದಿತು. ಇಷ್ಟೇ ವಿಷಯ.

ಹಳೇ_ಬಾಯ್ಲರ್:
ತಂತಿಕಂಬ ಅವರು ರೋಗ ಸರಿಯಾಗಿ ಹಿಡಿದಿದ್ದಾರೆ, ಔಷಧಿಯನ್ನು ಒಬ್ಬರಿಗೆ ಮಾತ್ರ ಕೊಟ್ಟುಬಿಟ್ಟಿದ್ದಾರೆ!

ಮೊದಲು ಪುಸ್ತಕದ ವಿಷಯ. ನಿಮ್ಮ 6.4 ಅನ್ನು 2.25ರಿಂದ ಭಾಗಿಸಿ ನೋಡಿ. ಸುಮಾರು 2.85 ಬರುತ್ತದೆ. 1 ÷ 0.35 ಕೂಡ ಅಷ್ಟೇ. ಪುಸ್ತಕ ಬರೆದವರು ಹಾಕಿದ ಶಕ್ತಿಯನ್ನು ಕರೆಂಟಿಗೆ ಬದಲಾಯಿಸಿಕೊಂಡಿದ್ದಾರೆ, ನೀವು ಬದಲಾಯಿಸಿಲ್ಲ. ಇಬ್ಬರ ಭಾಗಾಕಾರವೂ ಸರಿಯೇ. ಇಂಥ ಲೆಕ್ಕದಲ್ಲಿ ಎರಡು ಉತ್ತರಗಳ ನಡುವೆ ಹತ್ತಿರಹತ್ತಿರ ಮೂರು ಪಟ್ಟು ವ್ಯತ್ಯಾಸ ಕಂಡರೆ ನಾನು ಮೊದಲು ಹುಡುಕುವುದು ಈ ಶಾಖ-ಕರೆಂಟ್ ಗೊಂದಲವನ್ನೇ.

ಇನ್ನೊಂದು ಪರೀಕ್ಷೆ ಇದೆ. ಇಆರ್‌ಒಐಯನ್ನು ಪೇಬ್ಯಾಕ್ ಅವಧಿಯಿಂದ ಗುಣಿಸಿದರೆ ಹೆಚ್ಚುಕಡಿಮೆ ಪ್ಯಾನೆಲ್‌ನ ಆಯಸ್ಸು ಬರಬೇಕು. 3.7 × 6.4 ಸುಮಾರು 24. ಪ್ಯಾನೆಲ್ ಸೊರಗುವುದರಿಂದ 25ಕ್ಕಿಂತ ಸ್ವಲ್ಪ ಕಮ್ಮಿ. 10.5 × 2.25 ಕೂಡ ಸುಮಾರು 24. ಅದೇ 3.7 ಅನ್ನು 2.25ರ ಜೊತೆ ಹಾಕಿದರೆ 8 ವರ್ಷ ಬರುತ್ತದೆ. ಅಲ್ಲಿ ಕಲಬೆರಕೆ ಆಗಿದೆ ಅಂತ ಗೊತ್ತಾಗುತ್ತದೆ.

ಈಗ ಕಲ್ಲಿದ್ದಲು. ನಿಮ್ಮ 33 ಗಣಿಯ ಬಾಯಲ್ಲಿ ನಿಂತು ಅಳೆದದ್ದು. ಅಲ್ಲಿ ಇರುವುದು ಕಪ್ಪು ಕಲ್ಲಿನ ರಾಶಿ, ಕರೆಂಟ್ ಅಲ್ಲ. ಸೋಲಾರ್‌ನ 3.7 ಅಳೆದದ್ದು ತಂತಿಯಲ್ಲಿ. ಕಲ್ಲಿದ್ದಲನ್ನೂ ತಂತಿಯವರೆಗೆ ಕರೆದುಕೊಂಡು ಬರಬೇಕು. ಸುಟ್ಟಾಗ 7 ಗಿಗಾಜೌಲ್. ನಾನು ಇಪ್ಪತ್ತೆರಡು ವರ್ಷ ಥರ್ಮಲ್ ಸ್ಥಾವರದಲ್ಲಿ ದುಡಿದವನು, ಅಲ್ಲಿ ಕಲ್ಲಿದ್ದಲು ಪುಡಿ ಮಾಡುವ ಮಿಲ್ಲು, ದೊಡ್ಡ ಫ್ಯಾನುಗಳು, ಬಾಯ್ಲರಿಗೆ ನೀರು ತಳ್ಳುವ ಫೀಡ್ ಪಂಪು ಇವೇ ಎಷ್ಟು ಕರೆಂಟ್ ತಿನ್ನುತ್ತವೆ ಅಂತ ಗೊತ್ತು. ಶೇ. 8 ಅಂತ ಇಟ್ಟುಕೊಳ್ಳಿ. ಹೊರಗೆ ಹೋಗುವುದು 6.44. ಖರ್ಚು 0.6 + 0.3 + 0.2 = 1.1.

```
6.44 / 1.1             = 5.9
6.44 / (1.1 * 0.35)    = 16.7
```

ಯಾವುದನ್ನೂ ಬದಲಾಯಿಸದಿದ್ದರೆ ಕಲ್ಲಿದ್ದಲು 5.9, ಸೋಲಾರ್ 3.7. ಎರಡನ್ನೂ ಬದಲಾಯಿಸಿದರೆ 16.7 ಮತ್ತು 10.5. ಎರಡೂ ಕಡೆ ಅಂತರ ಒಂದೇ, 1.6 ಪಟ್ಟು. ತಂತಿಕಂಬ ಅವರು ಸೋಲಾರ್‌ಗೆ 10.5 ಇಟ್ಟು ಕಲ್ಲಿದ್ದಲಿಗೆ ಬದಲಾಯಿಸದ ಅಂಕಿಯನ್ನೇ ಇಟ್ಟರು, ಅದಕ್ಕೇ ಸೋಲಾರ್ ಗೆದ್ದಂತೆ ಕಂಡಿತು.

ಬಿಸಿಲುಗುದುರೆ ಅವರೇ, ಬಿಸಿಲನ್ನು ಸೇರಿಸಿದರೆ ಕಲ್ಲಿದ್ದಲಿನೊಳಗಿನ 20 ಗಿಗಾಜೌಲ್ ಕೂಡ ಹಾಕಿದ ಶಕ್ತಿಗೆ ಸೇರಬೇಕಾಗುತ್ತದೆ. ಆಗ ಎಲ್ಲದರ ಉತ್ತರವೂ ಒಂದಕ್ಕಿಂತ ಕಮ್ಮಿ. ಅದು ದಕ್ಷತೆಯ ಲೆಕ್ಕ, ಈ ಲೆಕ್ಕ ಅಲ್ಲ.

ತಂತಿಕಂಬ:
ಒಪ್ಪಿದೆ, ಒಂದೇ ಕಡೆ ಗುಣಿಸಿದ್ದೆ. ಆದರೆ ಆ 9000 ಎಲ್ಲಿಂದ ಬಂತು? ನನಗೆ ಜಾಸ್ತಿ ಅನ್ನಿಸುತ್ತಿದೆ.

ಹಳೇ_ಬಾಯ್ಲರ್:
ಹಳೆಯ ಕಾಲದ ಅಂಕಿಯ ವಾಸನೆ ನನಗೂ ಬಂತು. ಪ್ಯಾನೆಲ್‌ನ ಶಕ್ತಿಯ ದೊಡ್ಡ ಪಾಲು ಸಿಲಿಕಾನ್ ಶುದ್ಧ ಮಾಡುವುದಕ್ಕೆ ಹೋಗುತ್ತದೆ. ಸಾವಿರ ಡಿಗ್ರಿಗೂ ಮೇಲೆ ಕಾದ ಸರಳುಗಳ ಮೇಲೆ ಅನಿಲದಿಂದ ಸಿಲಿಕಾನ್ ಕೂರಿಸಬೇಕು, ಅದಕ್ಕೆ ದಿನಗಟ್ಟಲೆ ಕರೆಂಟ್ ಹರಿಸಬೇಕು. ಆಮೇಲೆ ಗಟ್ಟಿಯನ್ನು ತೆಳುವಾಗಿ ಕೊಯ್ಯುವಾಗ ಮರ ಕೊಯ್ದ ಹಾಗೆ ಒಂದು ಪಾಲು ಪುಡಿಯಾಗಿ ಹೋಗುತ್ತದೆ. ಮೊದಲು ಬಿಲ್ಲೆ ಸುಮಾರು 300 ಮೈಕ್ರಾನ್ ದಪ್ಪ ಇರುತ್ತಿತ್ತು, ಈಗ 200ಕ್ಕಿಂತ ಕಮ್ಮಿ. ವಜ್ರದ ಹುಡಿ ಮೆತ್ತಿದ ತಂತಿ ಬಂದ ಮೇಲೆ ಕೊಯ್ತದ ನಷ್ಟವೂ ಇಳಿದಿದೆ. ಸುಮ್ನೆ 9000 ಬದಲು 5000 ಹಾಕಿ ನೋಡಿ. 33,000 ÷ 5000 = 6.6. ಕಲ್ಲಿದ್ದಲಿನ 5.9ಕ್ಕಿಂತ ಮುಂದೆ ಹೋಯಿತು. ಯಾರು ಮುಂದೆ ಅನ್ನುವುದು ಈ ಒಂದು ಅಂಕಿಯ ಮೇಲೆ ನಿಂತಿದೆ. ಅಂಕಿ ಯಾವ ವರ್ಷದ್ದು ಅಂತ ಪ್ರಶ್ನೆಯಲ್ಲಿ ಇದೆಯಾ?

ಮೊದಲ_ಬೆಂಚು:
ಇಲ್ಲ ಸರ್, ವರ್ಷ ಕೊಟ್ಟಿಲ್ಲ.

ಕಬ್ಬಿನಜಲ್ಲೆ:
ಮಧ್ಯೆ ಬಾಯಿ ಹಾಕ್ತೀನಿ. ನನ್ನದು ಮೆಕ್ಕೆಜೋಳದ ಎಥನಾಲ್ ಲೆಕ್ಕ. ಒಂದು ಸಲ 1.3 ಬಂತು, ಇನ್ನೊಂದು ಸಲ 1.05. ವ್ಯತ್ಯಾಸ ಬರೀ 0.25 ತಾನೆ, ಬಿಟ್ಟುಬಿಡಬಹುದಾ?

ಹಳೇ_ಬಾಯ್ಲರ್:
ಬಿಡಬೇಡಿ! 33ಕ್ಕೂ 10ಕ್ಕೂ ಇರುವ ವ್ಯತ್ಯಾಸಕ್ಕಿಂತ ಇದು ಎಷ್ಟೋ ದೊಡ್ಡದು. 33 ಇದ್ದಾಗ ನೂರರಲ್ಲಿ 97 ಕೈಗೆ ಉಳಿಯುತ್ತದೆ, 10 ಇದ್ದಾಗ 90. ಆದರೆ 1.3 ಅಂದರೆ ಬರೀ 23, 1.05 ಅಂದರೆ 5ಕ್ಕೂ ಕಮ್ಮಿ. ಸಮಾಜಕ್ಕೆ 100 ಲೀಟರಿನಷ್ಟು ಶಕ್ತಿ ಉಳಿಯಬೇಕಾದರೆ 1.3ರಲ್ಲಿ 433 ಲೀಟರ್ ಕಾಯಿಸಬೇಕು. 1.05ರಲ್ಲಿ 2100 ಲೀಟರ್. ಮಿಕ್ಕಿದ್ದೆಲ್ಲ ಟ್ರ್ಯಾಕ್ಟರಿಗೆ, ಗೊಬ್ಬರಕ್ಕೆ, ಬಟ್ಟಿ ಇಳಿಸುವುದಕ್ಕೇ ವಾಪಸ್. ಹುದುಗಿದ ರಸದಲ್ಲಿ ಹೆಚ್ಚು ಪಾಲು ನೀರೇ, ಅದರಿಂದ ಬೇರ್ಪಡಿಸಲು ಅಷ್ಟು ಶಾಖ ಬೇಕು. ಎರಡನೇ ಸಲ ಏನು ಬಿಟ್ಟಿರಿ?

ಕಬ್ಬಿನಜಲ್ಲೆ:
ಬಟ್ಟಿ ಇಳಿಸಿದ ಮೇಲೆ ಉಳಿಯುವ ಚರಟ ದನಕ್ಕೆ ಮೇವಾಗುತ್ತದೆ ಅಲ್ವಾ, ಅದರ ಪಾಲು ಬಿಟ್ಟಿದ್ದೆ.

ಹಳೇ_ಬಾಯ್ಲರ್:
ಅದೇ ಜಗಳದ ಜಾಗ. ಮೇವಿಗೆ ಎಷ್ಟು ಪಾಲು ಕೊಡಬೇಕು ಅನ್ನುವುದರಲ್ಲಿ ತಜ್ಞರೇ ಒಮ್ಮತಕ್ಕೆ ಬಂದಿಲ್ಲ. ನಾನಾದರೆ ಎರಡೂ ಅಂಕಿ ಬರೆದು, ಚರಟ ಸೇರಿದೆಯೋ ಇಲ್ಲವೋ ಅಂತ ಪಕ್ಕದಲ್ಲೇ ಹೇಳುತ್ತೇನೆ.

ಮೊದಲ_ಬೆಂಚು:
ನನ್ನ ಉತ್ತರ ತಿದ್ದಿದೆ: ಎರಡನ್ನೂ ತಂತಿಯಲ್ಲಿ ಅಳೆದರೆ 5.9 ಮತ್ತು 3.7, ಪ್ಯಾನೆಲ್ 5000ದ್ದಾದರೆ 6.6. ಒಂದು ಕೊನೆಯ ಅನುಮಾನ. ರಾತ್ರಿಗೆ ಬ್ಯಾಟರಿ ಬೇಕಲ್ಲ, ಅದನ್ನು ಸೇರಿಸಬೇಕಾ?

ತಂತಿಕಂಬ:
ಬೇಡ. ಕಲ್ಲಿದ್ದಲು ಸ್ಥಾವರ ಕೆಟ್ಟು ನಿಂತಾಗ ಬೇಕಾಗುವ ಬದಲಿ ಸ್ಥಾವರವನ್ನು ಯಾರು ಸೇರಿಸುತ್ತಾರೆ?

ಹಳೇ_ಬಾಯ್ಲರ್:
ಸ್ಥಾವರ ದಿನಾ ಸಂಜೆ ಆರಕ್ಕೆ ಕೆಡುವುದಿಲ್ಲವಲ್ಲ. ನಾನು ಸೇರಿಸುತ್ತೇನೆ, ಆದರೆ ನಿಜವಾಗಿ ಬ್ಯಾಟರಿ ಮೂಲಕ ಹಾದುಹೋಗುವ ಯೂನಿಟ್‌ಗಳಿಗೆ ಮಾತ್ರ. ನಿಮ್ಮ ಪ್ರಶ್ನೆಯಲ್ಲಿ ಆ ಅಂಕಿ ಇಲ್ಲ, ಹಾಗಾಗಿ ಈ ಉತ್ತರ ಹಗಲಿನ ಕರೆಂಟಿಗೆ ಅಂತ ಒಂದು ಸಾಲು ಬರೆದುಬಿಡಿ.

ತಂತಿಕಂಬ:
ನಾನು ಇನ್ನೂ ಒಪ್ಪಿಲ್ಲ. ಬೇರೆ ಚರ್ಚೆ ತೆರೆಯುತ್ತೇನೆ, ಅಲ್ಲಿಗೆ ಬನ್ನಿ.