ಅಪ್‌ಡೇಟ್: ತಿಂಗಳ ನ್ಯೂಸ್‌ಲೆಟರ್ ಕಳಿಸಿದೆ

ನಾನು ಕೇಳಿದ್ದು: "ಟೀಮ್ ಸಾಧನೆ ಹೇಳೋ ಇಮೇಲ್ ಜಂಬದ ಪತ್ರಿಕಾ ಪ್ರಕಟಣೆ ಥರ ಆಗ್ಬಾರ್ದು, ಹೇಗೆ ಬರೀಲಿ?"

ಅಪ್‌ಡೇಟ್: ನಿಮ್ಮ ಮಾತಿನಂತೆ ಹೊಗಳಿಕೆಯ ಪದ ತೆಗೆದು, ಯಾರ ಯಾವ ಕೆಲಸದಿಂದ ಯಾರಿಗೆ ಅನುಕೂಲವಾಯ್ತು ಅಂತಷ್ಟೇ ಬರೆದೆ. "ನಮ್ಮ ಅದ್ಭುತ ತಂಡದಿಂದ ಬಿಲ್ಲಿಂಗ್‌ನಲ್ಲಿ ಕ್ರಾಂತಿ!" ಅಂತಿದ್ದದ್ದು ಹೀಗಾಯ್ತು:

"ಪೀಣ್ಯ ಗೋಡೌನ್‌ನ ಬಿಲ್‌ಗಳು ಮೂರು ದಿನದ ಬದಲು ಅದೇ ದಿನ ಹೋಗ್ತಿವೆ. ಫಾರ್ಮ್ಯಾಟ್ ಬದಲಿಸಿದ್ದು ಅಕೌಂಟ್ಸ್‌ನವರು, ತಪ್ಪು ಹುಡುಕಿಕೊಟ್ಟಿದ್ದು ಗೋಡೌನ್‌ನವರು. ಕ್ರೆಡಿಟ್ ನೋಟ್ ಮಾತ್ರ ಇನ್ನೂ ತಡ."

ಕೊನೆಯ ಸಾಲಿಗೆ ಮ್ಯಾನೇಜರ್ ಮೇಡಂ ಹಿಂಜರಿದರು. ನನಗದು ಬೇಕೇ ಬೇಕಿತ್ತು; ಬಾಕಿ ಇರೋದನ್ನೂ ಹೇಳಿದರೆ ಆಗಿದ್ದನ್ನು ಜನ ನಂಬ್ತಾರೆ. ಕಳಿಸೋ ಮುಂಚೆ ಡ್ರಾಫ್ಟನ್ನು ಗೋಡೌನ್‌ನವರಿಗೆ ತೋರಿಸಿದೆ. "ರಾತ್ರಿ ಶಿಫ್ಟಿನ ಅಣ್ಣನ ಹೆಸರೂ ಹಾಕಿ" ಅಂದರು. ಆ ಹೆಸರು ನಮ್ಮ ಯಾವ ರಿಪೋರ್ಟಲ್ಲೂ ಇರಲಿಲ್ಲ. ಆ ಅಣ್ಣನನ್ನೇ ಕೇಳಿ, ಅವರು ಒಪ್ಪಿದ ಮೇಲೆ ಸೇರಿಸಿದೆ.