ಸಹಾಯ ಬೇಕು: ಒಂದು ಫಂಕ್ಷನ್‌ನಿಂದ ನೇರ ಇನ್ನೊಂದಕ್ಕೆ ಹೋದ ಜಮಖಾನೆ ಲೆಕ್ಕ ಹೇಗೆ ಬರೆಯೋದು?

ಎಲ್ರಿಗೂ ನಮಸ್ಕಾರ, ನಮ್ಮೂರ ಸಮುದಾಯ ಭವನದ ಸ್ಟೋರ್ ನಾನು ನೋಡ್ಕೊಳ್ತೀನಿ. ಕೊಳಗ, ಸೌಟು, ಕಾಲುದೀಪ, ಚಾಪೆ ಎಲ್ಲಾ ಸ್ಟಾಕ್ ಬುಕ್ಕಲ್ಲಿದೆ, ಕೊಡುವಾಗ ಎಣಿಸಿ ಇಶ್ಯೂ ರಿಜಿಸ್ಟರಲ್ಲಿ ಸಹಿ ಹಾಕಿಸ್ತೀವಿ. ಒಂದೇ ದಿನ ಎರಡು ಫಂಕ್ಷನ್ ಬಂದಾಗ ಮಾತ್ರ ಲೆಕ್ಕ ಕೆಡುತ್ತೆ.

ಹೋದ ವಾರ ಹೀಗಾಯ್ತು. ಒಟ್ಟು 40 ಜಮಖಾನೆ. ಬೆಳಿಗ್ಗೆ ಮದುವೆಯವರಿಗೆ 25, ಅವರು 10 ವಾಪಸ್ ಕೊಟ್ರು, ಉಳಿದಿದ್ದು ಹಾಲಲ್ಲೇ ಹಾಸಿತ್ತು, ಸಂಜೆ ಸೀಮಂತದವರು ಅದನ್ನೇ ಬಳಸ್ಕೊಂಡು ಸ್ಟೋರಿಂದ ಇನ್ನೂ 15 ತಗೊಂಡು ಅಷ್ಟಕ್ಕೇ ಸಹಿ ಹಾಕಿದ್ರು. ರಾತ್ರಿ ವಾಪಸ್ ಬಂದಿದ್ದು 28. ಪುಸ್ತಕದಲ್ಲಿ ಮದುವೆಯವರದ್ದು 15 ಬಾಕಿ, ಸೀಮಂತದವರದ್ದು 13 ಜಾಸ್ತಿ, ನಿಜವಾಗಿ ಕಾಣೆಯಾಗಿದ್ದು 2. ಇಬ್ರೂ ನಮ್ಮದಲ್ಲ ಅಂತಾರೆ, ಯಾರ ಡೆಪಾಸಿಟ್ ಹಿಡಿಯೋದು ನ್ಯಾಯ ಅಂತ ಗೊತ್ತಾಗ್ತಿಲ್ಲ.

ಜಮಖಾನೆಗೆ ಪೇಂಟಲ್ಲಿ ನಂಬರ್ ಬರೆಸಿದ್ವಿ, ಯಾವುದು ಹೋಗಿದೆ ಅಂತ ತಿಳಿಯುತ್ತೆ, ಯಾರ ಕೈಯಲ್ಲಿ ಹೋಯ್ತು ಅಂತ ತಿಳಿಯಲ್ಲ. ಎಲ್ಲಾ ಸ್ಟೋರಿಗೆ ತರಿಸಿ ಮತ್ತೆ ಕೊಡೋಣ ಅಂದ್ರೆ ಮಧ್ಯೆ ಟೈಮೇ ಇರಲ್ಲ.

ಭವನ, ಛತ್ರ ನಡೆಸೋರು ಹೇಳಿ: ಹಾಲಲ್ಲೇ ಎಣಿಸಿ, ಮೊದಲನೆಯವರಿಗೆ ಜಮಾ, ಎರಡನೆಯವರಿಗೆ ಇಶ್ಯೂ ಅಂತ ಅಲ್ಲೇ ಇಬ್ಬರ ಸಹಿ ತಗೊಂಡ್ರೆ ಸಾಕಾ, ಇಲ್ಲಾ ಇದಕ್ಕೆ ಬೇರೆ ಪುಸ್ತಕ ಇಡ್ತೀರಾ?